ಆ ಎರಡು ‘ಸ, ಸ’

ಈ ವಾರ ಪರಿಚಯದ ತಾಯಿಯೊಬ್ಬರು ನಲವತ್ತು ಸೆಕೆಂಡಿನ ವಿಡಿಯೊ ಕಳಿಸಿದರು. ಮಗಳ ಪಿಯಾನೊ ಕ್ಲಾಸಿನ ಕಾರ್ಯಕ್ರಮದಲ್ಲಿ ಬೇರೊಬ್ಬ ಹುಡುಗ ನುಡಿಸಿದ್ದು. “ಇದು ಯಾವ ಪೀಸ್? ಇವಳಿಗೆ ಇದೇ ಬೇಕಂತೆ. ‘ತಾ, ತರರರ ತಾ’ ಆದ್ಮೇಲೆ ಟಕ್ ಟಕ್ ಅಂತ ಎರಡು ಸಲ ಬರುತ್ತಲ್ಲ, ಅದು.” ಆ ‘ಟಕ್ ಟಕ್’ ವಾರವೆಲ್ಲ ನನ್ನ ಕಿವಿಯಲ್ಲೇ ಇದೆ. ಮಗು ಹಿಡಿದುಕೊಂಡ ಗುರುತು ಅಷ್ಟು ಸರಿಯಾಗಿತ್ತು.

ಕಾರ್ಯಕ್ರಮದ ಹಾಳೆಯಲ್ಲಿ ‘ಮಿನುಯೆಟ್ ಇನ್ ಜಿ’ ಎಂದಷ್ಟೇ ಇತ್ತಂತೆ. ಹಾಗೆ ಬರೆದವರ ಮೇಲೆ ನನಗೆ ಬೇಸರವೇ. ಬೇಥೋವನ್‌ನದ್ದೂ ಅದೇ ಹೆಸರಿನದು, ಅದರಲ್ಲಿ ಬಲಗೈ ಎರಡೆರಡು ಸ್ವರಗಳನ್ನು ಒಟ್ಟಿಗೆ ಒತ್ತುತ್ತದೆ. ಹುಡುಗನ ಬಲಗೈಯಲ್ಲಿ ಒಂದೊಂದೇ ಸ್ವರ.

ಶ್ರುತಿ ಯಾವುದೇ ಇರಲಿ, ಸ್ವರಗಳಲ್ಲಿ ಹಾಡಿಕೊಂಡರೆ ತಿಳಿಯುತ್ತದೆ: ಪ, ಸರಿಗಮ, ಪ, ಸ, ಸ. ಮೊದಲನೆಯದು ಉದ್ದ, ಮುಂದಿನ ನಾಲ್ಕು ಅದರ ಅರ್ಧ, ಆಮೇಲೆ ಮತ್ತೆ ಉದ್ದ ಮೂರು. ಮುಂದಿನ ಸಾಲು ದ, ಮಪದನಿ, ಮೇಲಿನ ಸ, ಆಮೇಲೆ ಕೆಳಗಿನ ಸ, ಸ. ಶಂಕರಾಭರಣದ ಸ್ವರಗಳೇ. ಎಣಿಕೆ ಮೂರರದ್ದು, ಆದರೆ ವಿಡಿಯೊದಲ್ಲಿ ನಾಲ್ಕರಂತೆ ಕೇಳುತ್ತದೆ. ಕಾರಣವಿದೆ. ಮೊದಲ ಸಾಲಿನಲ್ಲಿ ಐದು ಬೆರಳು ಒಂದೇ ಜಾಗದಲ್ಲಿ ಕೂತಿರುತ್ತವೆ. ಎರಡನೇ ಸಾಲಿಗೆ ಹೆಬ್ಬೆರಳು ‘ಸ’ ಬಿಟ್ಟು ‘ಮ’ಕ್ಕೆ ಹೋಗಬೇಕು, ಕಿರುಬೆರಳು ಮೇಲಿನ ‘ಸ’ ಒತ್ತಿದ ಮರುಕ್ಷಣ ಹೆಬ್ಬೆರಳು ಒಂದು ಇಡೀ ಸ್ಥಾಯಿ ಕೆಳಗೆ ಹಾರಬೇಕು. ಹುಡುಗ ಪ್ರತಿ ಸಲ ಅಲ್ಲೇ ತಡೆದ. ಆ ತಡೆಯನ್ನೂ ಎಣಿಸಿದರೆ ಬೇರೆ ಪೀಸ್ ಹುಡುಕುತ್ತಾ ಕೂರುತ್ತೇವೆ.

ಬಾಖ್ ಕೃತಿಗಳ ಪಟ್ಟಿಯ ಅನುಬಂಧದಲ್ಲಿ ಇದರ ಸಂಖ್ಯೆ `BWV Anh. 114`. ಬಾಖ್ ತನ್ನ ಹೆಂಡತಿ ಆನಾ ಮಗ್ದಲೇನಾಗೆ ಕೊಟ್ಟ 1725ರ ಪುಸ್ತಕದಲ್ಲಿದೆ, ಆದ್ದರಿಂದ ಬಹುಕಾಲ ಅವನ ಹೆಸರಲ್ಲೇ ನಡೆಯಿತು. ಬರೆದವನು ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಎಂದು ವಿದ್ವಾಂಸರು ಗುರುತಿಸಿದ್ದು 1970ರ ದಶಕದಲ್ಲಿ. ಅಂಗಡಿಯಲ್ಲಿ ಪುಸ್ತಕ ಇನ್ನೂ ಬಾಖ್ ಹೆಸರಲ್ಲೇ ಸಿಗಬಹುದು, ಸಂಖ್ಯೆ ನೋಡಿ.

“ಸುಲಭದ್ದಂತೆ, ಇವಳಿಗೆ ಬರುತ್ತಲ್ವಾ?” ಎಂದೂ ಕೇಳಿದ್ದರು. ಅದಕ್ಕೆ ಎಡಗೈ ಕೇಳಬೇಕು. ಮೂರೆಣಿಕೆಯ ಒಂದು ಸುತ್ತನ್ನು ಒಂದು ಅಳತೆ ಎನ್ನೋಣ. ಮೂಲದಲ್ಲಿ ಎರಡನೇ ಅಳತೆಯಿಂದ ಆರನೆಯದರವರೆಗೆ ಎಡಗೈ ಅಳತೆಗೊಂದರಂತೆ ಗ, ಮ, ಗ, ರಿ, ಸ ಎಂದು ನಿಧಾನವಾಗಿ ಇಳಿಯುತ್ತದೆ. ಏಳನೆಯದರಲ್ಲಿ ಮೂರು ಸ್ವರ, ಎಂಟರಲ್ಲಿ ಓಟ. ಹುಡುಗನ ಎಡಗೈ ಏಳು, ಎಂಟರಲ್ಲೂ ಒಂದೊಂದೇ ಸ್ವರ ಹಿಡಿದಿತ್ತು, ಅಂದರೆ ಸರಳೀಕರಿಸಿದ್ದು. ಹದಿನಾರು ಅಳತೆಗೇ ಮುಗಿಯಿತು ಕೂಡ. ಮೂಲದ್ದು ಮೂವತ್ತೆರಡು ಅಳತೆ, ಎರಡನೇ ಭಾಗದಲ್ಲಿ ಮಧ್ಯಮ ಏರಿ ಪ್ರತಿಮಧ್ಯಮವಾಗುತ್ತದೆ, ಇನ್ನೊಂದು ಕಪ್ಪು ಮಣೆಗೂ ಬೆರಳು ಹೋಗಬೇಕು. ಮೂಲ ಸುಮಾರು ಎರಡನೇ ಗ್ರೇಡಿನ ಮಟ್ಟದ್ದು, ಹುಡುಗ ನುಡಿಸಿದ್ದು ಅದಕ್ಕೂ ಕೆಳಗಿನದು.

ಆ ತಾಯಿಗೆ ಹೇಳಿದ್ದು ಇಷ್ಟೇ: ಮೂಲ ತನ್ನಿ, ಮೊದಲ ಎಂಟು ಅಳತೆ ಸಾಕು, ಎಡಗೈಯನ್ನು ಅವಳು ಬೇರೆಯಾಗಿ ಹಾಡಲಿ.