ಪ್ಯಾಕೆಟ್ ಮೂರು, ಔಷಧಿ ಒಂದೇ

"ಔಷಧಿ ಬದಲಾಯಿಸ್ತಾನೇ ಇದೀನಲ್ಲ ಮೇಡಂ, ಮೂರು ಬ್ಯಾಚಿಗೆ ಮೂರು!"

ಈ ವಾರ ಬೇಲೂರು ಕಡೆಯ ಒಂದು ಕೋಳಿ ಶೆಡ್‌ನಲ್ಲಿ ಕೇಳಿದ ಮಾತು. ಅವತ್ತಿಂದ ತಲೆಯಿಂದ ಹೋಗಿಲ್ಲ. ಯಾಕೆಂದರೆ ಹೇಳಿದ ಮನುಷ್ಯ ಸೋಮಾರಿಯಲ್ಲ, ಸುಳ್ಳೂ ಹೇಳುತ್ತಿರಲಿಲ್ಲ. ಖಾಲಿ ಪ್ಯಾಕೆಟ್‌ಗಳನ್ನೆಲ್ಲ ಎತ್ತಿಟ್ಟಿದ್ದರು. ಒಳಗಿಂದ ತಂದು ಗಿಡ್ಡ ಗೋಡೆಯ ಮೇಲೆ ಸಾಲಾಗಿ ಇಟ್ಟರು. ಮೂರು ಬಣ್ಣ, ಮೂರು ಹೆಸರು, ಮೂರು ಕಂಪನಿ. ತಿರುಗಿಸಿ ನೋಡಿದರೆ ಮೂರರ ಹಿಂದೆಯೂ ಸಣ್ಣ ಅಕ್ಷರದಲ್ಲಿ ಒಂದೇ ಸಾಲು: ಸಾಲಿನೋಮೈಸಿನ್ 12%. ಕೋಳಿಗೆ ರಕ್ತದ ಹಿಕ್ಕೆ ತರುವ ರೋಗ ಬಾರದಿರಲಿ ಅಂತ ಮೇವಿಗೆ ಬೆರೆಸುವ ಔಷಧಿ ಅದು.

ಮೇವು ಅವರೇ ಮಾಡಿಕೊಳ್ಳುತ್ತಾರೆ. ಟನ್ನಿಗೆ ಅರ್ಧ ಕೆಜಿ ಹಾಕಿದ್ದರು, ಅಂದರೆ ಅಸಲಿ ಔಷಧಿ 60 ಗ್ರಾಂ. ಅಳತೆ ಸರಿಯಾಗೇ ಇತ್ತು. ಮೊದಲು ಒಂದಿಷ್ಟು ಜೋಳದ ಪುಡಿಯಲ್ಲಿ ಕಲೆಸಿ, ಆಮೇಲೆ ದೊಡ್ಡ ರಾಶಿಗೆ ಸೇರಿಸುತ್ತಾರಂತೆ. ಎಷ್ಟೋ ಜನ ಇಷ್ಟೂ ಮಾಡುವುದಿಲ್ಲ. ಇಷ್ಟೆಲ್ಲ ಮಾಡಿಯೂ 26 ದಿನದ ಕೋಳಿಗಳು ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ಗುಂಪಾಗಿ ನಿಂತಿದ್ದವು, ನೆಲಕ್ಕೆ ಹಾಸಿದ ಹೊಟ್ಟಿನ ಮೇಲೆ ರಕ್ತದ ಹಿಕ್ಕೆ.

ಸತ್ತ ಕೆಲವನ್ನು ಅಲ್ಲೇ ಕೊಯ್ದು ನೋಡಿದೆ. ಕರುಳಿನ ಕೊನೆಯಲ್ಲಿ ಕವಲೊಡೆದ ಹಾಗೆ ಎರಡು ಕುರುಡು ಕರುಳು ಇರುತ್ತವಲ್ಲ, ಅವು ಊದಿಕೊಂಡು ಹೆಪ್ಪುಗಟ್ಟಿದ ರಕ್ತದಿಂದ ತುಂಬಿದ್ದವು. ಐಮೀರಿಯಾ ಟೆನೆಲ್ಲಾ ಅನ್ನುವ ಪರಾವಲಂಬಿಯ ಕೆಲಸ. ಈ ವಯಸ್ಸಿನಲ್ಲಿ, ಈ ಜಾಗದಲ್ಲಿ, ಈ ಥರ ರಕ್ತ ಕಂಡರೆ ಬೇರೆ ಯೋಚಿಸುವ ಅಗತ್ಯ ಕಡಿಮೆ. ನಮ್ಮ ಕಡೆ ಇದಕ್ಕೆ ಕಾಕ್ಸಿ ಅಂತಾರೆ.

ಅವರ ಹೆಂಡತಿ ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ರಕ್ತ ಮೊದಲು ಕಂಡಿದ್ದು ಆ ಡ್ರಿಂಕರ್ ಸಾಲಲ್ಲೇ. ಹೋದ ವಾರ ಅಲ್ಲೇ ಪೈಪ್ ಜಾಯಿಂಟ್ ಬಿಟ್ಟು ರಾತ್ರಿಯೆಲ್ಲ ನೀರು ಸೋರಿತ್ತು" ಅಂದರು. ಯಾರೂ ಅವರನ್ನು ಕೇಳಿರಲಿಲ್ಲ. ಗಂಡ "ಅದಕ್ಕೂ ಇದಕ್ಕೂ ಏನು ಸಂಬಂಧ" ಅಂದರು. ಸಂಬಂಧ ಪೂರ್ತಿ ಅಲ್ಲೇ ಇತ್ತು.

ಕೋಳಿ ಹಿಕ್ಕೆಯಲ್ಲಿ ಹೊರಗೆ ಬೀಳುವ ಊಸಿಸ್ಟ್, ಅಂದರೆ ಗಟ್ಟಿ ಕವಚದ ಆ ಸಣ್ಣ ಮೊಟ್ಟೆಯಂಥದ್ದು, ಬಿದ್ದ ತಕ್ಷಣ ಯಾರಿಗೂ ರೋಗ ತರುವುದಿಲ್ಲ. ಅದು ಹೊಟ್ಟಿನಲ್ಲಿ ಬಲಿಯಬೇಕು. ಒಳಗೆ ನಾಲ್ಕು ಕೋಶ, ಒಂದೊಂದರಲ್ಲಿ ಎರಡೆರಡು ಪರಾವಲಂಬಿ ಮರಿ, ಹೀಗೆ ಒಟ್ಟು ಎಂಟು ತಯಾರಾಗಬೇಕು. ಅದಕ್ಕೆ ಬೇಕಾದ್ದು ತೇವ, ಗಾಳಿ, ಬೆಚ್ಚಗೆ. ಮೂರೂ ಸಿಕ್ಕರೆ ಒಂದೆರಡು ದಿನ ಸಾಕು. ಅಂಥದ್ದನ್ನು ಕೋಳಿ ಕೆದಕಿ ತಿಂದರೆ, ನಾಲ್ಕೈದು ದಿನಕ್ಕೆ ಕುರುಡು ಕರುಳಿನ ಗೋಡೆ ಹರಿದು ರಕ್ತ ಬರುತ್ತದೆ. ಅದಾಗಿ ಒಂದೆರಡು ದಿನದಲ್ಲಿ ಅದೇ ಕೋಳಿ ಲಕ್ಷಗಟ್ಟಲೆ ಹೊಸ ಊಸಿಸ್ಟ್ ಹೊರಹಾಕುತ್ತದೆ. ಈಗ ರಕ್ತ ಕಂಡ ದಿನದಿಂದ ಹಿಂದಕ್ಕೆ ಎಣಿಸಿ. ಐದು ದಿನ ಕೋಳಿಯೊಳಗೆ, ಎರಡು ದಿನ ಹೊಟ್ಟಿನಲ್ಲಿ. ಸರಿಯಾಗಿ ಪೈಪ್ ಸೋರಿದ ರಾತ್ರಿಗೇ ಹೋಗಿ ನಿಲ್ಲುತ್ತದೆ.

ಆ ಮೇಲೆ ಮಳೆ. ಎರಚಲು ಬರುತ್ತದೆ ಅಂತ ಹಗಲೂ ರಾತ್ರಿ ಪರದೆ ಇಳಿಬಿಟ್ಟಿದ್ದರು. ಒಳಗಿನ ತೇವ ಹೊರಗೆ ಹೋಗಲು ದಾರಿಯೇ ಇಲ್ಲ, ಕಣ್ಣು ಉರಿಯುವಷ್ಟು ಅಮೋನಿಯಾ ವಾಸನೆ. ಒದ್ದೆ ಜಾಗಕ್ಕೆ ಫಿನೈಲ್ ಹೊಡೆದಿದ್ದರು. ಊಸಿಸ್ಟಿನ ಕವಚಕ್ಕೆ ಫಿನೈಲ್ ತಾಗುವುದೇ ಇಲ್ಲ. ಅದನ್ನು ಕೊಲ್ಲುವುದು ಒಣಗುವಿಕೆ ಮತ್ತು ಜೋರು ಬಿಸಿ.

ಹಾಗಾದರೆ ತಪ್ಪು ಒದ್ದೆ ಹೊಟ್ಟಿನದೋ, ಸವೆದ ಔಷಧಿಯದೋ? ಒಂದೇ ಶೆಡ್ ನೋಡಿ ಖಚಿತವಾಗಿ ಹೇಳಲು ಆಗುವುದಿಲ್ಲ, ಅದಕ್ಕೆ ಲ್ಯಾಬ್‌ನಲ್ಲಿ ಪರೀಕ್ಷೆ ಬೇಕು. ಆದರೆ ಏಪ್ರಿಲ್‌ನ ಬ್ಯಾಚ್‌ನಲ್ಲೂ, ಹೊಟ್ಟು ಗರಿಗರಿ ಒಣಗಿದ್ದಾಗಲೂ, ನಾಲ್ಕನೇ ವಾರ ಅಲ್ಲೊಂದು ಇಲ್ಲೊಂದು ರಕ್ತ ಕಂಡಿತ್ತಂತೆ, ತೂಕವೂ ಕಡಿಮೆ ಬಂದಿತ್ತಂತೆ. ಹಾಗಾಗಿ ನನ್ನ ಲೆಕ್ಕದಲ್ಲಿ ಔಷಧಿ ಮೊದಲೇ ಸೋತಿತ್ತು, ಮಳೆಗಾಲ ಅದನ್ನು ಬಯಲಿಗೆ ತಂದಿತು ಅಷ್ಟೇ.

ಸಾಲಿನೋಮೈಸಿನ್ ಕೆಲಸ ಮಾಡುವುದು ಕೋಳಿಯ ಕರುಳಿನೊಳಗೆ ಮಾತ್ರ. ಪರಾವಲಂಬಿ ಮರಿ ಕರುಳಿನ ಗೋಡೆಗೆ ನುಗ್ಗುವ ಮೊದಲು ಅದರ ಮೈಯಲ್ಲಿ ಸೋಡಿಯಂ ತುಂಬಿಸಿ ಕೊಲ್ಲುತ್ತದೆ. ಹೊಟ್ಟಿನಲ್ಲಿರುವ ಊಸಿಸ್ಟಿಗೆ ಏನೂ ಮಾಡುವುದಿಲ್ಲ. ಪ್ರತಿ ಬ್ಯಾಚಿನಲ್ಲೂ ಅದನ್ನೇ ಕೊಟ್ಟರೆ, ಅದನ್ನು ತಡೆದುಕೊಂಡವು ಮಾತ್ರ ಶೆಡ್‌ನಲ್ಲಿ ಉಳಿದು ಬೆಳೆಯುತ್ತಾ ಹೋಗುತ್ತವೆ. ಕಂಪನಿ ಬದಲಾದದ್ದು ಅವಕ್ಕೆ ಗೊತ್ತೇ ಆಗುವುದಿಲ್ಲ.

"ಹಾಗಾದ್ರೆ ಮೋನೆನ್ಸಿನ್ ಹಾಕ್ಲಾ ಮೇಡಂ, ಅದು ಬೇರೆ ಅಲ್ವಾ?" ಅಂದರು. ಒಳ್ಳೆ ಪ್ರಶ್ನೆ. ಹೆಸರು ಬೇರೆ, ಆದರೆ ಅದೂ ಅದೇ ಅಯಾನೊಫೋರ್ ಗುಂಪು, ಕೊಲ್ಲುವ ರೀತಿಯೂ ಅದೇ. ಸಾಲಿನೋಮೈಸಿನ್ ತಡೆದುಕೊಂಡ ಪರಾವಲಂಬಿಯ ಸಂತತಿ ಇದನ್ನೂ ಸುಮಾರಾಗಿ ತಡೆದುಕೊಳ್ಳುತ್ತದೆ. ಬದಲಾಯಿಸುವುದು ಅಂದರೆ ಗುಂಪು ಬದಲಾಯಿಸಬೇಕು. ಮುಂದಿನ ಎರಡು ಬ್ಯಾಚಿಗೆ ಸ್ಟಾರ್ಟರ್ ಮೇವಿನಲ್ಲಿ ನಿಕಾರ್ಬಜಿನ್, ಫಿನಿಷರ್‌ನಲ್ಲಿ ಡೈಕ್ಲಾಜುರಿಲ್ ಅಂತ ಬರೆದುಕೊಟ್ಟೆ. ಈ ಕೆಮಿಕಲ್ ಗುಂಪಿನವು ಜೋರಾಗಿ ಕೆಲಸ ಮಾಡುತ್ತವೆ, ಆದರೆ ಡೈಕ್ಲಾಜುರಿಲ್‌ಗೆ ಪ್ರತಿರೋಧ ಬೇಗ ಬೆಳೆಯುತ್ತದೆ. ಅದಕ್ಕೇ ಎರಡೇ ಬ್ಯಾಚ್, ಆಮೇಲೆ ನಿಲ್ಲಿಸಬೇಕು. ನಿಕಾರ್ಬಜಿನ್ ಈ ತಣ್ಣನೆ ಕಾಲಕ್ಕೆ ಸರಿ, ಬೇಸಿಗೆಯಲ್ಲಿ ಬೇಡ. ಬಿಸಿಲಿನ ಬೇಗೆ ತಡೆಯಲಾರದೆ ಕೋಳಿ ಸಾಯುತ್ತವೆ. ಅಷ್ಟರಲ್ಲಿ ಸಾಲಿನೋಮೈಸಿನ್‌ಗೆ ರಜೆ ಸಿಕ್ಕಿರುತ್ತದೆ, ಬೇಸಿಗೆಗೆ ಮತ್ತೆ ತರಬಹುದು.

ಸದ್ಯದ ಕೋಳಿಗಳಿಗೆ ನೀರಿನಲ್ಲಿ ಆಂಪ್ರೋಲಿಯಂ. ಕಾಯಿಲೆ ಬಿದ್ದ ಕೋಳಿ ಮೇವು ಬಿಟ್ಟರೂ ನೀರು ಕುಡಿಯುತ್ತದೆ. 20% ಪುಡಿ ಲೀಟರಿಗೆ 1.2 ಗ್ರಾಂ, ಐದು ದಿನ. ಅಂಗಡಿಯವರು ಸುಸ್ತಿಗೆ ಅಂತ ಬಿ ಕಾಂಪ್ಲೆಕ್ಸ್ ಕೂಡ ಕೊಟ್ಟಿದ್ದರು. ಅದನ್ನು ನಿಲ್ಲಿಸಿದೆ. ಆಂಪ್ರೋಲಿಯಂ ನೋಡಲು ವಿಟಮಿನ್ ಬಿ1 ಥರವೇ ಇದ್ದು ಪರಾವಲಂಬಿಗೆ ಅದು ಸಿಗದ ಹಾಗೆ ಮಾಡುತ್ತದೆ. ನಾವೇ ಬಿ1 ಸುರಿದರೆ ಔಷಧಿ ಕೊಟ್ಟೂ ಪ್ರಯೋಜನವಿಲ್ಲ. ಅಂಗಡಿಯವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. "ಬದಲಾಯಿಸಿ ಕೊಡಿ" ಅಂತ ಕೇಳಿದವರಿಗೆ ಅದೇ ಔಷಧಿಯನ್ನು ಬೇರೆ ಹೆಸರಲ್ಲಿ ಮೂರು ಸಲ ಕೊಡುವುದು ಯಾವ ನ್ಯಾಯ? ಔಷಧಿಯ ಹೆಸರನ್ನು ಪ್ಯಾಕೆಟ್ಟಿನ ಮುಂದೆ ಕನ್ನಡದಲ್ಲಿ ದಪ್ಪಗೆ ಬರೆದರೆ ಯಾರಿಗೇನು ನಷ್ಟ?

ಹೊಟ್ಟಿನ ವಿಷಯ ಮಾತಾಡಿದ್ದು ಆ ಅಕ್ಕನ ಜೊತೆ. ದಿನಾ ತಿರುವಿ ಹಾಕುವವರು ಅವರೇ. ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಸ್ವಲ್ಪ ಅಂಟಿ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ತೇವ ಜಾಸ್ತಿ, ಒಂಚೂರೂ ಅಂಟದಿದ್ದರೆ ಬರೀ ಧೂಳು ಅಂತ ತೋರಿಸಿದೆ. ಅವರು ಡ್ರಿಂಕರ್ ಕೆಳಗಿಂದ ಒಂದು ಮುಷ್ಟಿ, ನಡುವಿನಿಂದ ಒಂದು ಮುಷ್ಟಿ ತಂದು ಹಿಂಡಿ ನನ್ನ ಮುಂದೆ ಹಿಡಿದರು. ಒಂದು ಉಂಡೆ, ಇನ್ನೊಂದು ಉದುರಿತು. ಗಟ್ಟಿಯಾದ ಹೆಪ್ಪನ್ನೆಲ್ಲ ಅವತ್ತೇ ತೆಗೆದು ಹೊರಗೆ ಸಾಗಿಸಿ, ಆ ಜಾಗಕ್ಕೆ ಒಣ ಹೊಟ್ಟು ಹಾಕಬೇಕು, ಡ್ರಿಂಕರನ್ನು ಕೋಳಿಯ ಬೆನ್ನಿನ ಮಟ್ಟಕ್ಕೆ ಎತ್ತಬೇಕು, ಮಳೆ ಬಿಟ್ಟಾಗೆಲ್ಲ ಪರದೆಯ ಮೇಲ್ಭಾಗ ಒಂದಡಿ ತೆರೆದಿಡಬೇಕು ಅಂತ ಮಾತಾಯಿತು.

ತರಬೇತಿಗೆ ನಾವು ಕರೆಯುವುದು ಯಾವಾಗಲೂ ಯಜಮಾನರನ್ನು. ಊಟ, ಸರ್ಟಿಫಿಕೇಟ್, ಫೋಟೋ ಎಲ್ಲ ಅವರಿಗೆ. ಹೊಟ್ಟು ಮುಟ್ಟುವ ಕೈ ಬೇರೆಯವರದು. ಎಷ್ಟು ವರ್ಷದಿಂದ ಹೀಗೇ ನಡೆಯುತ್ತಿದೆ, ನಾವ್ಯಾರೂ ಕೇಳಿಕೊಂಡಿಲ್ಲ. ಹೊರಡುವಾಗ ಆ ಅಕ್ಕನ ನಂಬರ್ ತೆಗೆದುಕೊಂಡೆ. ಬ್ಯಾಚ್ ಖಾಲಿಯಾದ ಮೇಲೆ ಹೊಟ್ಟನ್ನು ರಾಶಿ ಹಾಕಿ ಕಾವು ಬರಿಸಬೇಕು, ಅಂಚಿನದು ಒಳಗೆ ಬರುವ ಹಾಗೆ ಒಮ್ಮೆ ತಿರುವಬೇಕು. ಆ ದಿನ ಅಲ್ಲಿರುತ್ತೇನೆ ಅಂತ ಅವರಿಗೇ ಹೇಳಿದ್ದೇನೆ.