ಅಕ್ಕನ ಡ್ಯೂಟಿ ಶೂ: ಏಳನೇ ಇನ್‌ಸೋಲ್ ಕೊನೆಗೂ ಕೂತಿತು

ಆರು ಜೋಡಿ ಇನ್‌ಸೋಲ್ ಹಾಳು ಮಾಡಿದ ಮೇಲೆ ಏಳನೆಯದು ಕೂತಿದೆ. ಮೊನ್ನೆ ಅಕ್ಕ ಆಸ್ಪತ್ರೆಯಲ್ಲಿ ಹನ್ನೆರಡು ಗಂಟೆಯ ಡ್ಯೂಟಿ ಮುಗಿಸಿ ಬಂದವಳು ಬಾಗಿಲಲ್ಲೇ ಶೂ ಒದ್ದು ಬಿಸಾಡಲಿಲ್ಲ. ಅದನ್ನು ಹಾಕಿಕೊಂಡೇ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದಳು. ನನಗೆ ಅಷ್ಟೇ ಸಾಕಾಗಿತ್ತು.

ಶೂ ಹೊಸದೇನಲ್ಲ, ಮೊದಲಿನದೇ. ಮುಂದೆ ಪೂರ್ತಿ ಮುಚ್ಚಿದೆ, ಒರೆಸಿದರೆ ಸ್ವಚ್ಛವಾಗುತ್ತದೆ, ಅಡಿ ರಬ್ಬರಿನದು. ಬಟ್ಟೆ ಹಿಂಡುವ ಹಾಗೆ ತಿರುಚಿದರೆ ನಡು ಬಗ್ಗುವುದಿಲ್ಲ, ಬೆರಳಿನ ಹತ್ತಿರ ಮಾತ್ರ ಬಗ್ಗುತ್ತದೆ. ಗಾಳಿಯಾಡಲಿ ಅಂತ ಮೇಲೆ ತೂತು ಹೊಡೆಯುವ ಆಸೆ ನನಗಿತ್ತು. "ಸೂಜಿ ಬಿದ್ದರೆ ನಿನ್ನ ತೂತಿನಲ್ಲೇ ಬೀಳೋದು ಕಣೋ" ಅಂದಳು ಅಕ್ಕ. ಡ್ರಿಲ್ ಎತ್ತಿಟ್ಟೆ.

ತೊಂದರೆ ಇದ್ದಿದ್ದು ಹಿಮ್ಮಡಿಯಲ್ಲಿ. ಎಂಟನೇ ಗಂಟೆಯ ಹೊತ್ತಿಗೆ ಹಿಮ್ಮಡಿಯ ನಟ್ಟನಡುವೆ ಕಲ್ಲು ಒತ್ತಿದ ಹಾಗೆ ನೋವು. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೆ, ಹಿಮ್ಮಡಿಯ ಒಳಮಗ್ಗುಲಲ್ಲಿ ಮುಂದಕ್ಕೆ ಚುಚ್ಚುವ ನೋವಿನ ಕಥೆಯೇ ಬೇರೆ. ಅದು ಸಾಮಾನ್ಯವಾಗಿ ಅಂಗಾಲಿನುದ್ದಕ್ಕೂ ಇರುವ ಗಟ್ಟಿ ಪಟ್ಟಿಯ ಕಾಟ, ಅದಕ್ಕೆ ಡಾಕ್ಟರನ್ನು ನೋಡಬೇಕು. ಅಕ್ಕನದು ಅದಲ್ಲ. ಬೆಳಿಗ್ಗೆ ಆರಾಮ, ನಿಂತಷ್ಟೂ ಜಾಸ್ತಿ, ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆ ನಿಂತರೆ ಇನ್ನೂ ಜಾಸ್ತಿ. ಅಂದರೆ ಎಲುಬಿಗೂ ನೆಲಕ್ಕೂ ನಡುವೆ ಇರಬೇಕಾದ ದಿಂಬು ಸಾಲುತ್ತಿಲ್ಲ.

ದಿಂಬು ಸಾಲದಿದ್ದರೆ ಫೋಮ್ ಹಾಕು, ಅಲ್ವಾ? ಮೊದಲ ನಾಲ್ಕು ಜೋಡಿ ಈ ತರ್ಕದಲ್ಲೇ ಹೋದವು. ಇವಿಎ ಅನ್ನುವ ಮೆತ್ತನೆ ಫೋಮ್ 6 ಮಿ.ಮೀ. ಹಾಕಿದೆ. ಮೊದಲ ದಿನ ಸ್ವರ್ಗ, ಎರಡನೇ ವಾರ ಮತ್ತೆ ಕಲ್ಲು. ವರ್ನಿಯರ್ ಹಿಡಿದು ನೋಡಿದರೆ ಹಿಮ್ಮಡಿಯ ಕೆಳಗೆ 4 ಮಿ.ಮೀ. ಕೂಡ ಉಳಿದಿರಲಿಲ್ಲ. ರಾತ್ರಿಯೆಲ್ಲ ಬಿಟ್ಟರೂ ಪೂರ್ತಿ ಎದ್ದು ಬರಲಿಲ್ಲ. ಸರಿ, 10 ಮಿ.ಮೀ. ಹಾಕಿದೆ. ಈಗ ಕಾಲೇ ಮೇಲೆದ್ದು ಹಿಮ್ಮಡಿ ಶೂವಿನ ಹಿಂಗೋಡೆಯಿಂದ ಜಾರತೊಡಗಿತು. ಬೊಬ್ಬೆ ಬಂತು, ಓಡುವಾಗ ಕಣಕಾಲು ಹೊಯ್ದಾಡಿತು. "ಹಾಸಿಗೆ ಮೇಲೆ ನಡೆದ ಹಾಗಿದೆ" ಅಂದಳು. ನಾನು ಹೊಗಳಿಕೆ ಅಂದುಕೊಂಡೆ. ಹಾಸಿಗೆ ಮೇಲೆ ಹನ್ನೆರಡು ಗಂಟೆ ನಡೆದು ನೋಡಿ, ಯಾಕೆ ಅಲ್ಲ ಅಂತ ಗೊತ್ತಾಗುತ್ತದೆ.

ಇಲ್ಲಿ ಫೋಮ್ ಮಾರುವವರ ಬಗ್ಗೆ ಎರಡು ಮಾತು. ನನಗೆ "ಶೋರ್ ಎ 45, ಗಟ್ಟಿ" ಅಂತ ಕಳಿಸಿದ ಹಾಳೆ, ಗಡಸುತನ ಅಳೆಯುವ ಡ್ಯೂರೋಮೀಟರಿಗೆ 28 ತೋರಿಸಿತು. ಕೇಳಿದರೆ "ನಿಮ್ಮ ಮೀಟರ್ ಸರಿಯಿಲ್ಲ" ಎಂಬ ಉತ್ತರ. ತೆಳ್ಳನೆ ಹಾಳೆಯನ್ನು ಹಾಗೇ ಮೇಜಿನ ಮೇಲಿಟ್ಟು ಅಳೆದರೆ ಮೀಟರ್ ಮೇಜನ್ನೂ ಸೇರಿಸಿ ಅಳೆಯುತ್ತದೆ, ನಿಜ. ಆದರೆ ಆಗ ಅಂಕಿ ಜಾಸ್ತಿ ಬರಬೇಕು, ಕಡಿಮೆ ಅಲ್ಲ! ಎರಡು ಪದರ ಜೋಡಿಸಿ 6 ಮಿ.ಮೀ.ಗಿಂತ ದಪ್ಪ ಮಾಡಿಕೊಂಡು ಮತ್ತೆ ಅಳೆದೆ. ಅದೇ 28. ಹಾಳೆ ವಾಪಸ್ಸು ಹೋಗಿಲ್ಲ, ಸ್ಟೂಲಿಗೆ ದಿಂಬಾಗಿದೆ.

ದಾರಿ ಸಿಕ್ಕಿದ್ದು ಒಂದು ಗಾಜಿನ ಮೇಜಿನಿಂದ. ಅಕ್ಕ ಕೂತು ಗಾಜಿನ ಮೇಲೆ ಕಾಲಿಟ್ಟಿದ್ದಳು, ನಾನು ಕೆಳಗಿನಿಂದ ನೋಡುತ್ತಿದ್ದೆ. ಕೈಯೂರಿಕೊಂಡು ಮೆಲ್ಲಗೆ ಭಾರ ಹಾಕಿದಾಗ ಹಿಮ್ಮಡಿಯ ಮಾಂಸ ಸುತ್ತಲೂ ಹರಡಿತು, ಚಪಾತಿ ಹಿಟ್ಟಿನ ಉಂಡೆ ಒತ್ತಿದ ಹಾಗೆ. ನಡುವೆ ಬಿಳಚಿಕೊಂಡ ಒಂದು ದುಂಡು. ಅಳೆದರೆ ಭಾರವಿಲ್ಲದಾಗ ಅಗಲ 60 ಮಿ.ಮೀ., ಭಾರ ಬಿದ್ದಾಗ 66. ಹಿಮ್ಮಡಿಯಲ್ಲಿ ಆಗಲೇ ಒಂದು ಒಳ್ಳೆಯ ದಿಂಬಿದೆ. ಸಣ್ಣ ಸಣ್ಣ ಗೂಡುಗಳಲ್ಲಿ ತುಂಬಿದ ಕೊಬ್ಬು ಅದು. ಅದು ಪಕ್ಕಕ್ಕೆ ಓಡಿಹೋಗುತ್ತಿದೆ, ಎಲುಬಿನ ಕೆಳಗೆ ತೆಳುವಾಗುತ್ತಿದೆ. ನಾನು ಕೆಳಗೆ ಎಷ್ಟು ಮೆತ್ತಗೆ ಹಾಕಿದರೂ ಅದು ಇನ್ನಷ್ಟು ಹರಡುತ್ತಿತ್ತು, ಅಷ್ಟೇ.

ಹಾಗಾಗಿ ಬೇಕಾಗಿದ್ದು ಬಟ್ಟಲು. ಗಟ್ಟಿ ಗೋಡೆಯ, ಆಳದ ಬಟ್ಟಲು.

ಐದನೇ ಜೋಡಿ ಬಟ್ಟಲೇ. ಆದರೂ ಸೋತಿತು. ಯಾಕೆ ಅಂತ ಎರಡು ವಾರ ತಲೆ ಕೆರೆದುಕೊಂಡೆ. ಗೋಡೆ 16 ಮಿ.ಮೀ. ಎತ್ತರ ಇತ್ತು, ಗಟ್ಟಿಯೂ ಇತ್ತು. ಕೊನೆಗೆ ಪ್ಲಾಸ್ಟರ್ ಅಚ್ಚಿಗೇ ವರ್ನಿಯರ್ ಹಿಡಿದೆ: 66. ಅಯ್ಯೋ ಮಾರಾಯ! ಅಚ್ಚು ತೆಗೆಯುವಾಗ ಅಕ್ಕನನ್ನು ನಿಲ್ಲಿಸಿದ್ದೆ. ಹರಡಿದ ಹಿಮ್ಮಡಿಗೇ ಅಳತೆಯಾಗಿ ಬಟ್ಟಲು ಮಾಡಿದ್ದೆ. ಅದು ಹರಡಲು ಜಾಗ ಮಾಡಿಕೊಟ್ಟಿತ್ತೇ ಹೊರತು ತಡೆದಿರಲಿಲ್ಲ.

ಅಕ್ಕನನ್ನು ಕೂರಿಸಿ, ಕಾಲಿಗೆ ಭಾರ ಬೀಳದ ಹಾಗೆ ಮುಂದಿನ ಅಚ್ಚು ತೆಗೆದೆ. ಅಚ್ಚಿನ ಮೇಲೆ 6 ಮಿ.ಮೀ. ಇವಿಎ, ಈ ಸಲ ನಿಜವಾದ 45. ಓವನ್ನಿನಲ್ಲಿ 120 ಡಿಗ್ರಿಗೆ ಕೆಲವೇ ನಿಮಿಷ, ತೆಗೆದ ಕೂಡಲೇ ಅಚ್ಚಿಗೆ ಒತ್ತಿ ಬಿಗಿಯಾಗಿ ಸುತ್ತಿ, ಪೂರ್ತಿ ಆರುವವರೆಗೆ ಮುಟ್ಟದೆ ಇಟ್ಟೆ. ಆರನೇ ಜೋಡಿ ಇಲ್ಲೇ ಸತ್ತದ್ದು. ಕಾಯಿಸಿದರೆ ಇವಿಎ ಕುಗ್ಗುತ್ತದೆ ಎಂಬುದು ಗೊತ್ತಿದ್ದೂ ಮೊದಲೇ ಶೂವಿನ ಆಕಾರಕ್ಕೆ ಕತ್ತರಿಸಿಬಿಟ್ಟಿದ್ದೆ. ಬಂದದ್ದು ಒಂದು ಸೈಜ್ ಚಿಕ್ಕದು. ಏಳನೆಯದಕ್ಕೆ ಸುತ್ತಲೂ ಧಾರಾಳವಾಗಿ ಬಿಟ್ಟು, ಆಮೇಲೆ ಕತ್ತರಿಸಿದೆ.

ಬಟ್ಟಲಿನ ತಳವನ್ನು ಕೆಳಗಿನಿಂದ ಉಜ್ಜಿ 3 ಮಿ.ಮೀ.ಗೆ ಇಳಿಸಿದೆ. ಗೋಡೆ ಹಾಗೇ ಇರಲಿ, ತಳ ತೆಳುವಾಗಲಿ. ಮೇಲೆ 2 ಮಿ.ಮೀ. ಪಿಯು ಫೋಮ್ ಹೊದಿಕೆ ಅಂಟಿಸಿದೆ. ಪಿಯು ದಿನವೆಲ್ಲ ತುಳಿಸಿಕೊಂಡರೂ ಇವಿಎಗಿಂತ ಚೆನ್ನಾಗಿ ಎದ್ದು ಬರುತ್ತದೆ. ಒಟ್ಟು 5 ಮಿ.ಮೀ., ಅಂದರೆ ಶೂ ಜೊತೆ ಬಂದ ಒಳಪದರ ಕಿತ್ತ ಜಾಗಕ್ಕೆ ಸರಿಯಾಗಿ. ಹಿಮ್ಮಡಿ ಮೇಲೆದ್ದಿಲ್ಲ, ಜಾರಿಲ್ಲ.

ಮೊದಲ ದಿನ ಎಡಗಾಲಿನ ಹೊರಮಗ್ಗುಲಲ್ಲಿ ಕೆಂಪು ಗೆರೆ ಬಂತು. ಕಾಲ್ಚೀಲ ತೆಗೆದು ಅರ್ಧ ಗಂಟೆಯಾದರೂ ಮಾಯಲಿಲ್ಲ, ಅಂದರೆ ಗೋಡೆ ಕಚ್ಚುತ್ತಿದೆ. ಅಂಚನ್ನು ಸ್ಯಾಂಡ್‌ಪೇಪರಿನಲ್ಲಿ ಹೊರಕ್ಕೆ ಇಳಿಜಾರು ಮಾಡಿದೆ, ಹೋಯಿತು. ಈಗ ಮೂರು ವಾರ. ಹತ್ತನೇ ಗಂಟೆಗೆ ಸುಸ್ತಿದೆ, ಮೀನಖಂಡ ಬಿಗಿಯುತ್ತದೆ, ಅದನ್ನು ಯಾವ ಇನ್‌ಸೋಲೂ ತಪ್ಪಿಸದು. ಕಲ್ಲು ಮಾತ್ರ ಇಲ್ಲ. ಎರಡು ಜೋಡಿ ಮಾಡಿಕೊಟ್ಟಿದ್ದೇನೆ, ದಿನ ಬಿಟ್ಟು ದಿನ ಬದಲಿಸುತ್ತಾಳೆ. ಬೆವರು ಆರಲೂ ಫೋಮ್ ಏಳಲೂ ಒಂದು ದಿನ ಸಿಗುತ್ತದೆ.

ಇದನ್ನು ನೋಡಿ ಮೇಷ್ಟ್ರಾದ ಭಾವ "ನನಗೂ ಅದೇ ಮಾಡಿಕೊಡು" ಎಂದರು. ಮಾಡಿಕೊಟ್ಟೆ. ಒಂದು ವಾರದಲ್ಲಿ ವಾಪಸ್! ಅವರ ಕೆಲಸವೇ ಬೇರೆ ನೋಡಿ. ಅಕ್ಕ ಓಡಾಡುತ್ತಾಳೆ, ಅವರು ಒಂದೇ ಕಡೆ ನಿಲ್ಲುತ್ತಾರೆ, ಬೋರ್ಡಿನ ಮೇಲ್ಭಾಗಕ್ಕೆ ಬರೆಯಲು ತುದಿಗಾಲಲ್ಲಿ ಏರುತ್ತಾರೆ. ನೋವು ಬೆರಳುಗಳ ಬುಡದಲ್ಲಿ. ಅಲ್ಲಿಗೆ ಸಣ್ಣ ಉಬ್ಬು ಬೇಕು, ಅದೂ ನೋಯುವ ಎಲುಬಿನ ಕೆಳಗಲ್ಲ, ಅದಕ್ಕಿಂತ ಸ್ವಲ್ಪ ಹಿಂದೆ. ಕೆಳಗೇ ಇಟ್ಟರೆ ನೋವು ದುಪ್ಪಟ್ಟು. ಜಾಗ ಹಿಡಿಯಲು ಅಂಗಾಲಿನ ಆ ಎಲುಬುಗಳಿಗೆ ಲಿಪ್‌ಸ್ಟಿಕ್ ಹಚ್ಚಿ ಇನ್‌ಸೋಲ್ ಮೇಲೆ ನಿಲ್ಲಿಸಬೇಕು, ಗುರುತು ತಾನಾಗಿ ಬೀಳುತ್ತದೆ.

ಭಾನುವಾರಕ್ಕೆ ಭಾವ ಒಪ್ಪಿದ್ದಾರೆ. ಅಕ್ಕ ಲಿಪ್‌ಸ್ಟಿಕ್ ಕೊಡಲು ಇನ್ನೂ ಒಪ್ಪಿಲ್ಲ.