ಡಿಸೆಂಬರ್ 31ರಂದು ಮಾಯವಾಗುವ ಎರಡೂವರೆ ದಿನ: ರಜೆ ಲೆಕ್ಕದ ಶೀಟ್ ಎಲ್ಲಿಗೆ ಬಂತು

ಕೊನೆಗೂ ಶಿಲ್ಕು ಸರಿಹೋಯಿತು. ಹನ್ನೊಂದು ಜನರ ಕಚೇರಿ, ಗೂಗಲ್ ಶೀಟ್ಸ್, ಮಂಜೂರು ಮಾಡುವವರು ಒಬ್ಬರೇ. ಡ್ರಾಪ್‌ಡೌನ್, ಬಣ್ಣ, ಶೀಟ್ ಪ್ರೊಟೆಕ್ಷನ್ ಇವೆಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ಇಡೀ ಕೆಲಸವನ್ನು ತಡೆದು ನಿಲ್ಲಿಸಿದ್ದು ಒಂದೇ ಪ್ರಶ್ನೆ: ವರ್ಷದ ಕೊನೆಯಲ್ಲಿ ಹಾಕಿದ ಅರ್ಜಿ ಹೊಸ ವರ್ಷದಲ್ಲಿ ಮಂಜೂರಾದರೆ ಕ್ಯಾರಿ ಫಾರ್ವರ್ಡ್ ಏನಾಗಬೇಕು?

ಮೊದಲು ನಮ್ಮ ನಿಯಮ ಹೇಳಿಬಿಡುತ್ತೇನೆ. ಇ.ಎಲ್. ತಿಂಗಳಿಗೆ 1.5 ದಿನ, ಪ್ರತಿ ತಿಂಗಳ 1ನೇ ತಾರೀಕು ಜಮಾ. ಜನವರಿ 1ಕ್ಕೆ 45 ದಿನಗಳವರೆಗೆ ಮುಂದಕ್ಕೆ ಹೋಗುತ್ತದೆ, ಮಿಕ್ಕಿದ್ದು ಲ್ಯಾಪ್ಸ್. ಸಿ.ಎಲ್. 12 ದಿನ, ಜನವರಿ 1ಕ್ಕೆ ಒಟ್ಟಿಗೇ ಜಮಾ, ಮುಂದಕ್ಕೆ ಏನೂ ಹೋಗುವುದಿಲ್ಲ. ವಾರದ ರಜೆ ಭಾನುವಾರ ಮಾತ್ರ. ಎರಡನೇ ಶನಿವಾರಗಳನ್ನು ಹಬ್ಬಗಳ ಜೊತೆ `Holidays` ಹಾಳೆಯಲ್ಲಿ ಬರೆದಿಟ್ಟಿದ್ದೇನೆ.

ಈಗ ನಮ್ಮಲ್ಲೇ ಎದುರಾದ ಲೆಕ್ಕ. ಸಹೋದ್ಯೋಗಿಯೊಬ್ಬರ ಇ.ಎಲ್. ಶಿಲ್ಕು ಡಿಸೆಂಬರ್ ಜಮಾ ಸೇರಿ 47.5. ಅವರು 2025ರ ಡಿಸೆಂಬರ್ 29, ಸೋಮವಾರದಿಂದ 2026ರ ಜನವರಿ 2, ಶುಕ್ರವಾರದವರೆಗೆ ರಜೆ ಕೇಳಿದರು. ಐದು ದಿನ: ಹಳೆಯ ವರ್ಷದಲ್ಲಿ ಮೂರು, ಹೊಸದರಲ್ಲಿ ಎರಡು. ಮಂಜೂರು ಮಾಡಬೇಕಾದವರು ಊರಲ್ಲಿರಲಿಲ್ಲ. ಬಾಯಿಮಾತಿನಲ್ಲಿ ಒಪ್ಪಿದ್ದರು, ಶೀಟಿನಲ್ಲಿ ಒಪ್ಪಿಗೆ ಬಿದ್ದದ್ದು ಜನವರಿ 5ಕ್ಕೆ.

ಕಚೇರಿಯ ಹಳೆಯ ಎಕ್ಸೆಲ್ ಫೈಲ್ ಮಂಜೂರಾದ ದಿನಕ್ಕೆ ಖರ್ಚು ಹಾಕುತ್ತಿತ್ತು. ಅದರ ಪ್ರಕಾರ ಜನವರಿ 1ಕ್ಕೆ 47.5 ಇದ್ದದ್ದು 45 ಆಯಿತು, 2.5 ಲ್ಯಾಪ್ಸ್. ಜನವರಿಯ 1.5 ಸೇರಿ 46.5. ಐದನೇ ತಾರೀಕು 5 ಕಳೆದು ಉಳಿದದ್ದು 41.5. ರಜೆ ನಿಜವಾಗಿ ತೆಗೆದುಕೊಂಡ ದಿನಕ್ಕೆ ಖರ್ಚು ಹಾಕಿದರೆ ಕಥೆಯೇ ಬೇರೆ. ಡಿಸೆಂಬರಿನ ಮೂರು ದಿನ ಕಳೆದು 44.5, ಅದು 45ರ ಒಳಗೇ ಇರುವುದರಿಂದ ಲ್ಯಾಪ್ಸ್ ಇಲ್ಲ. ಜನವರಿಯ 1.5 ಸೇರಿಸಿ ಎರಡು ದಿನ ಕಳೆದರೆ 44. "ಸರ್, ನನ್ನ ಎರಡೂವರೆ ದಿನ ಎಲ್ಲಿ ಹೋಯ್ತು?" ಎಂದು ಅವರು ಕೇಳಿದ್ದರಲ್ಲಿ ಪೂರ್ತಿ ನ್ಯಾಯವಿತ್ತು. ಸಾಹೇಬರು ಊರಲ್ಲಿರಲಿಲ್ಲ ಎಂಬ ಕಾರಣಕ್ಕೆ ದುಡಿದು ಗಳಿಸಿದ ರಜೆ ಹೋಗಬಾರದು.

ಹಾಗಾಗಿ ಮೊದಲ ತೀರ್ಮಾನ: ಕ್ಯಾರಿ ಫಾರ್ವರ್ಡ್ ಅಂಕಿಯನ್ನು ಯಾರೂ ಕೈಯಿಂದ ಬರೆಯುವಂತಿಲ್ಲ. ಬರೆದಿಟ್ಟ ಅಂಕಿ ಆಮೇಲೆ ಬಂದ ಒಪ್ಪಿಗೆಗೆ ತಾನಾಗಿ ಬದಲಾಗುವುದಿಲ್ಲ. ಲೆಡ್ಜರಿನಲ್ಲಿ ಜನವರಿ 1ರ ತಾರೀಕಿಗೆ `CF` ಎಂಬ ಸಾಲು ಮಾತ್ರ ಇರುತ್ತದೆ, ಅದರ ದಿನಗಳ ಕಾಲಂ ಖಾಲಿ. ಅಲ್ಲಿಗೆ ಬಂದಾಗ ಎಷ್ಟು ಉಳಿಸಬೇಕು ಎಂಬುದನ್ನು ಸೂತ್ರವೇ ಲೆಕ್ಕ ಹಾಕುತ್ತದೆ. ಜಮಾ ಸಾಲಿಗೆ `ACC`, ಖರ್ಚಿಗೆ `USE`. ಖರ್ಚಿನ ದಿನಗಳನ್ನು ಮೈನಸ್‌ನಲ್ಲಿ ಬರೆಯುತ್ತೇನೆ.

ವರ್ಷ ದಾಟುವ ಅರ್ಜಿಯನ್ನು ಎರಡು ಸಾಲು ಮಾಡಲೇಬೇಕು. ಅರ್ಜಿಗಳ ಹಾಳೆಯಲ್ಲಿ ಶುರುವಿನ ದಿನ `B2`, ಕೊನೆಯ ದಿನ `C2` ಆದರೆ ಹಳೆಯ ವರ್ಷದ ಪಾಲು ಹೀಗೆ ಸಿಗುತ್ತದೆ:

```
=NETWORKDAYS.INTL(B2, MIN(C2, DATE(YEAR(B2),12,31)), 11, Holidays!$A$2:$A$40)
```

ಇಲ್ಲಿರುವ 11 ಎಂದರೆ ಭಾನುವಾರ ಮಾತ್ರ ವಾರದ ರಜೆ. ನಮ್ಮ ಉದಾಹರಣೆಗೆ ಇದು 3 ಕೊಡುತ್ತದೆ. ಒಟ್ಟು ಐದರಿಂದ ಅದನ್ನು ಕಳೆದರೆ ಹೊಸ ವರ್ಷದ 2 ಸಿಗುತ್ತದೆ, ಅದಕ್ಕೆ ಜನವರಿ 1ರ ತಾರೀಕು.

ಇನ್ನು ಶಿಲ್ಕು. ಸುಮ್ಮನೆ `SUM` ಹಾಕಿದರೆ ಆಗದು, ಏಕೆಂದರೆ 45ರ ಮಿತಿ ಯಾವ ಹಂತದಲ್ಲಿ ಬಿತ್ತು ಎನ್ನುವುದರ ಮೇಲೆ ಮುಂದಿನ ಎಲ್ಲ ಅಂಕಿಗಳೂ ನಿಂತಿವೆ. ಪ್ರತಿ ಸಾಲಿಗೂ `MIN(45, ...)` ಹಾಕುವ ಅಡ್ಡದಾರಿ ಹಲವು ರೆಡಿಮೇಡ್ ಟೆಂಪ್ಲೇಟ್‌ಗಳಲ್ಲಿದೆ, ಅದೂ ತಪ್ಪು. ಜುಲೈನಲ್ಲಿ 44.5 ಇದ್ದವರಿಗೆ ಆಗಸ್ಟ್ ಜಮಾದಿಂದ 46 ಆಗಬೇಕು. ಅವರು ದಸರೆಗೆ ನಾಲ್ಕು ದಿನ ತೆಗೆದುಕೊಳ್ಳುವ ಹಕ್ಕು ಇನ್ನೂ ಹಾಗೇ ಇದೆ. ಆದರೆ ಆ ಟೆಂಪ್ಲೇಟು ಆಗಸ್ಟಿನಲ್ಲೇ ಒಂದು ದಿನ ಕತ್ತರಿಸುತ್ತದೆ. ಮಿತಿ ಬೀಳಬೇಕಾದದ್ದು `CF` ಸಾಲಿನಲ್ಲಿ ಮಾತ್ರ:

```
=SCAN(0, SEQUENCE(ROWS(D2:D40)),
  LAMBDA(b, i, IF(INDEX(C2:C40,i)="CF",
    MIN($H$1,b), b+INDEX(D2:D40,i))))
```

ಇದು ಲೆಡ್ಜರ್ ಹಾಳೆಯ ಸೂತ್ರ: `C` ಕಾಲಂ ಸಾಲಿನ ಬಗೆ, `D` ದಿನಗಳು, `H1` ಮಿತಿ. ನನಗೆ ತುಂಬಾ ಖುಷಿ ಕೊಟ್ಟದ್ದು ಏನೆಂದರೆ ಸಿ.ಎಲ್.ಗೂ ಇದೇ ಸೂತ್ರ ಸಾಕು, `H1`ನಲ್ಲಿ 0 ಬರೆದರೆ ಮುಗಿಯಿತು. ಯಾರಾದರೂ ಒಂದು ದಿನ ಮುಂಗಡವಾಗಿ ತೆಗೆದುಕೊಂಡು ಶಿಲ್ಕು −1 ಆಗಿದ್ದರೆ, 0 ಮತ್ತು −1ರಲ್ಲಿ ಚಿಕ್ಕದು −1. ಹಾಗಾಗಿ ಆ ಬಾಕಿ ಅಳಿದುಹೋಗದೆ ಹೊಸ ವರ್ಷಕ್ಕೆ ಬರುತ್ತದೆ. ಅದಕ್ಕೆಂದು ಬೇರೆ ಸೂತ್ರ ಬೇಕಿಲ್ಲ.

ಇಷ್ಟಾದರೂ ಒಂದು ಕಡೆ ಲೆಕ್ಕ ಕೈಕೊಡುತ್ತದೆ. ಜನವರಿ 1ಕ್ಕೆ `CF` ಸಾಲೂ ಇದೆ, ಹೊಸ ಜಮಾ ಸಾಲೂ ಇದೆ. ತಾರೀಕಿನ ಮೇಲೆ ಮಾತ್ರ ವಿಂಗಡಿಸಿದರೆ ಯಾವುದು ಮೇಲೆ ಬರುತ್ತದೆ ಎಂಬುದಕ್ಕೆ ಗ್ಯಾರಂಟಿ ಇಲ್ಲ. ಜಮಾ ಮೊದಲು ಬಂದರೆ 44.5 ಇದ್ದವರದು 46 ಆಗಿ, ಆಮೇಲೆ 45ಕ್ಕೆ ಕತ್ತರಿಸಿಹೋಗುತ್ತದೆ. ಇ.ಎಲ್.ನಲ್ಲಿ ಈ ಒಂದು ದಿನ ಸದ್ದಿಲ್ಲದೆ ಹೋಗುವುದರಿಂದ ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಸಿ.ಎಲ್. ಹಾಳೆ ನೋಡಿ: ಕ್ರಮ ತಪ್ಪಿದ್ದರೆ 12 ದಿನ ಜಮಾ ಆದ ಕೂಡಲೇ ಎಲ್ಲರ ಶಿಲ್ಕೂ 0 ಆಗಿರುತ್ತದೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. ಪರಿಹಾರಕ್ಕೆ `B` ಕಾಲಂನಲ್ಲಿ ಸರದಿ ಸಂಖ್ಯೆ: `CF`ಗೆ 1, `ACC`ಗೆ 2, `USE`ಗೆ 3. ವಿಂಗಡಣೆ ತಾರೀಕು, ಆಮೇಲೆ ಸರದಿ.

ಈಗ ಸ್ಥಿತಿಯ ವಿಷಯ. ಅರ್ಜಿಗೆ ನಾಲ್ಕೇ ಸ್ಥಿತಿ: ಬಾಕಿ, ಮಂಜೂರು, ತಿರಸ್ಕೃತ, ರದ್ದು. ಡ್ರಾಪ್‌ಡೌನ್ ಬಿಟ್ಟು ಟೈಪ್ ಮಾಡಲು ಬಿಡಬೇಡಿ. ಕೊನೆಯಲ್ಲಿ ಒಂದು ಸ್ಪೇಸ್ ಸೇರಿಕೊಂಡರೂ ಫಿಲ್ಟರ್ ಆ ಸಾಲನ್ನು ಬಿಟ್ಟುಬಿಡುತ್ತದೆ. ಬಾಕಿ ಇರುವ ಅರ್ಜಿಯನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಇಲ್ಲದಿದ್ದರೆ ಮೂರು ದಿನ ಸಿ.ಎಲ್. ಇರುವವರು ಎರಡೆರಡು ದಿನದ ಎರಡು ಅರ್ಜಿ ಹಾಕುತ್ತಾರೆ, ಎರಡೂ ಬಾರಿ ಸಾಹೇಬರ ಕಣ್ಣಿಗೆ ಮೂರು ದಿನ ಉಳಿದಿರುವಂತೆಯೇ ಕಾಣುತ್ತದೆ.

ಎಲ್ಲರೂ ಮಾಡುವುದು "ಶಿಲ್ಕು ಕಳೆ ಬಾಕಿ ಅರ್ಜಿಗಳ ಮೊತ್ತ". ವರ್ಷದ ನಡುವೆ ಅದು ಸರಿ. ವರ್ಷದ ತುದಿಯಲ್ಲಿ ಅದೇ ಎಡವುತ್ತದೆ. ನಮ್ಮ ಉದಾಹರಣೆಯಲ್ಲಿ ಜನವರಿ 2ಕ್ಕೆ ಮಂಜೂರಾದ ಲೆಕ್ಕದ ಶಿಲ್ಕು 46.5, ಬಾಕಿ ಅರ್ಜಿ 5, ಲಭ್ಯ 41.5. ಐದನೇ ತಾರೀಕು ಒಪ್ಪಿಗೆ ಬಿದ್ದಾಗ ಲಭ್ಯ 44ಕ್ಕೆ ಏರಿತು! ರಜೆ ಮಂಜೂರಾದ ಮೇಲೆ ರಜೆ ಹೆಚ್ಚಾಗುವುದನ್ನು ನೋಡಿದರೆ ಯಾರು ಆ ಶೀಟನ್ನು ನಂಬುತ್ತಾರೆ?

ಬಾಗಿಲು ತೆರೆದದ್ದು ಇಲ್ಲಿ. ಬಾಕಿ ಅರ್ಜಿಗಳನ್ನು ಕೊನೆಯಲ್ಲಿ ಕಳೆಯಬಾರದು, ಅವೆಲ್ಲ ಮಂಜೂರಾದರೆ ಏನಾಗುತ್ತದೆ ಎಂದು ಲೆಡ್ಜರನ್ನು ಇನ್ನೊಮ್ಮೆ ಮೊದಲಿಂದ ಓಡಿಸಬೇಕು. ಅಂದರೆ ಅದೇ `SCAN` ಎರಡು ಬಾರಿ: ಒಂದಕ್ಕೆ ಮಂಜೂರಾದ ಸಾಲುಗಳು ಮಾತ್ರ, ಇನ್ನೊಂದಕ್ಕೆ ಮಂಜೂರು ಮತ್ತು ಬಾಕಿ ಎರಡೂ. ಮೊದಲನೆಯದು ಖಚಿತ ಶಿಲ್ಕು, ಎರಡನೆಯದು ಲಭ್ಯ ಶಿಲ್ಕು. ಈಗ ಜನವರಿ 2ಕ್ಕೆ ಖಚಿತ 46.5, ಲಭ್ಯ 44. ಮಂಜೂರಾದರೆ ಎರಡೂ 44ಕ್ಕೆ ಬಂದು ಸೇರುತ್ತವೆ. ತಿರಸ್ಕಾರವಾದರೆ ಎರಡೂ 46.5, ಆಗ 2.5 ದಿನ ಲ್ಯಾಪ್ಸ್ ಆದದ್ದೂ ನ್ಯಾಯವೇ, ಏಕೆಂದರೆ ಆ ರಜೆಯನ್ನು ಅವರು ಬಳಸಿಲ್ಲ.

ಇದಕ್ಕೊಂದು ಮಿತಿ ಇಡಲೇಬೇಕು. ಹಳೆಯ ಸ್ಥಿತಿ ಬದಲಾದಾಗಲೆಲ್ಲ ಹಳೆಯ ಕ್ಯಾರಿ ಫಾರ್ವರ್ಡ್ ಬದಲಾಗುತ್ತದೆ. ಅದರ ಆಧಾರದ ಮೇಲೆ ರಜೆ ನಗದೀಕರಣದ ಹಣ ಕೊಟ್ಟಾಗಿದ್ದರೆ ಲೆಕ್ಕವೇ ಕೆಡುತ್ತದೆ. ಆದ್ದರಿಂದ ಜನವರಿ 31ಕ್ಕೆ ಹಿಂದಿನ ವರ್ಷದ ಅರ್ಜಿಗಳಿಗೆ ಬೀಗ. ಆಮೇಲೆ ತಿದ್ದಬೇಕಾದರೆ ಈ ವರ್ಷದ ತಾರೀಕಿಗೆ ಹೊಂದಾಣಿಕೆ ಸಾಲು, ಪಕ್ಕದಲ್ಲಿ ಕಾರಣ.

ಹಾಜರಿ ಯಂತ್ರ ಮಾರಿದವರ ಬಗ್ಗೆ ಎರಡು ಮಾತು ಹೇಳದೆ ಇರಲಾರೆ. ಬೆರಳಚ್ಚಿನ ಯಂತ್ರ ಚೆನ್ನಾಗಿದೆ, ಅದರಿಂದ ಹೊರಬರುವ ಸಿ.ಎಸ್.ವಿ. ಫೈಲ್ ಮಾತ್ರ ತಲೆನೋವು. ತಾರೀಕು ದಿನ-ತಿಂಗಳು-ವರ್ಷ ಕ್ರಮದಲ್ಲಿರುತ್ತದೆ. ಶೀಟಿನ ಲೊಕೇಲ್ ಅಮೆರಿಕದ್ದಾಗಿದ್ದರೆ 05/01/2026 ಮೇ 1 ಆಗಿಬಿಡುತ್ತದೆ. ಗುರುತು ಸುಲಭ: 13ರಿಂದ ಮೇಲಿನ ತಾರೀಕುಗಳು ಪಠ್ಯವಾಗಿಯೇ ಉಳಿದು ಎಡಕ್ಕೆ ಅಂಟಿಕೊಂಡಿರುತ್ತವೆ, ಉಳಿದವು ಬಲಕ್ಕೆ. ಫೋನ್ ಮಾಡಿದರೆ "ಅದು ಸಾಫ್ಟ್‌ವೇರ್‌ನವರದು" ಎನ್ನುತ್ತಾರೆ, ಸಾಫ್ಟ್‌ವೇರ್‌ನವರು "ಡೀಲರ್‌ನ ಕೇಳಿ" ಎನ್ನುತ್ತಾರೆ. ಇಂಪೋರ್ಟ್ ಮಾಡುವಾಗ ಪಠ್ಯವನ್ನು ತಾರೀಕಾಗಿ ಬದಲಿಸುವ ಆಯ್ಕೆಯ ಟಿಕ್ ತೆಗೆದು, ಆಮೇಲೆ ನಾವೇ ಕಟ್ಟಿಕೊಳ್ಳುವುದು ಒಳ್ಳೆಯದು:

```
=DATE(RIGHT(A2,4), MID(A2,4,2), LEFT(A2,2))
```

ಮುಂದಿನ ಕೆಲಸ ಆಗಲೇ ತಲೆಯಲ್ಲಿ ಕೂತಿದೆ: ಕಾಂಪ್ ಆಫ್. ಅದರ ಸುಳಿವು ಸಿಕ್ಕಿದ್ದು ಕೇಂದ್ರ ಸರ್ಕಾರಿ ನೌಕರರ 1972ರ ರಜೆ ನಿಯಮಗಳಲ್ಲಿ. ಅವರಿಗೆ ಇ.ಎಲ್. ಜನವರಿ 1 ಮತ್ತು ಜುಲೈ 1ಕ್ಕೆ 15 ದಿನದಂತೆ ಮುಂಗಡವಾಗಿ ಜಮಾ, ಮಿತಿ 300. ಶಿಲ್ಕು 285 ದಾಟಿದ್ದರೆ ಹೊಸ 15ನ್ನು ಖಾತೆಗೆ ಸೇರಿಸದೆ ಪ್ರತ್ಯೇಕವಾಗಿ ಇಡುತ್ತಾರೆ. ಆ ಅರ್ಧವರ್ಷದಲ್ಲಿ ತೆಗೆದ ರಜೆ ಮೊದಲು ಆ ಹದಿನೈದರಿಂದ ಕಳೆಯುತ್ತದೆ, ಉಳಿದದ್ದು ಅರ್ಧವರ್ಷದ ಕೊನೆಗೆ 300 ಮೀರದಷ್ಟು ಮಾತ್ರ ಖಾತೆಗೆ ಸೇರುತ್ತದೆ. ಜಮಾ ಆದ ದಿನವೇ ಕತ್ತರಿಸದೆ ನೌಕರನಿಗೆ ಆರು ತಿಂಗಳು ಅವಕಾಶ ಕೊಡುವ ಈ ಕ್ರಮ ನನಗೆ ಬಹಳ ಹಿಡಿಸಿತು. ಹೋಗಿಬಿಡಬಹುದಾದ ರಜೆಯನ್ನು ಬೇರೆ ಇಟ್ಟು ಮೊದಲು ಬಳಸುವುದು ಎಂಬ ಈ ಉಪಾಯವೇ ಕಾಂಪ್ ಆಫ್‌ಗೆ ಬೇಕಾದದ್ದು. ನಮ್ಮಲ್ಲಿ ಪ್ರತಿ ಕಾಂಪ್ ಆಫ್‌ಗೂ ಅದರದೇ 60 ದಿನದ ಆಯಸ್ಸು. ಹಾಗಾಗಿ ಒಂದೇ ಶಿಲ್ಕಿನಿಂದ ಕೆಲಸ ನಡೆಯದು. ಪ್ರತಿ ದಿನವೂ ಒಂದೊಂದು ಸಾಲಾಗಿ, ಮೊದಲು ಮುಗಿಯುವುದು ಮೊದಲು ಖರ್ಚಾಗಬೇಕು.

ಅಲ್ಲೂ ಅದೇ ಹಳೆಯ ಗಂಟು ಕಾದಿದೆ: 58ನೇ ದಿನದ ರಜೆಗೆ 63ನೇ ದಿನ ಒಪ್ಪಿಗೆ ಬಿದ್ದರೆ? ರಜೆಯ ದಿನವನ್ನೇ ಹಿಡಿಯುವುದೆಂದು ಸಾಹೇಬರನ್ನು ಒಪ್ಪಿಸಿಯಾಗಿದೆ. ಬೀಗದ ತಾರೀಕು ಎಷ್ಟಿರಬೇಕು ಎಂಬುದು ಇನ್ನೂ ಮಾತಾಗಬೇಕು, ಏಕೆಂದರೆ ಇಲ್ಲಿ ವರ್ಷದ ಕೊನೆ ಎಂಬುದೇ ಇಲ್ಲ, ಪ್ರತಿ ಸಾಲಿಗೂ ಅದರದೇ ಬೀಗ ಬೇಕು. ಆಯಸ್ಸು ಮುಗಿದ ಮೇಲೆ ಇನ್ನೂ ಹದಿನೈದು ದಿನ ಎಂದು ಸದ್ಯಕ್ಕೆ ಬರೆದಿಟ್ಟುಕೊಂಡಿದ್ದೇನೆ.